ಗೆಳೆಯನಿಗೊಂದು ಪತ್ರ: ಎದುರುಮನೆಯ ಈದ್‌ಗೆ ಏನು ಹೇಳುವುದು?

ಮಂಡ್ಯ

ಪ್ರಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಮೈಸೂರಿಗೆ ಮನೆ ಬದಲಾಯಿಸಿದ ಮೇಲೆ ಬರುತ್ತಿರುವ ಮೊದಲ ರಂಜಾನ್ ಇದು. ಎದುರುಮನೆಯವರು ಮುಸ್ಲಿಮರು, ಒಳ್ಳೆಯ ಒಡನಾಟ ಬೆಳೆದಿದೆ. ಆದರೆ ಆ ಮನೆಯ ಯಜಮಾನರು ತೀರಿಕೊಂಡು ಇನ್ನೂ ಮೂರು ತಿಂಗಳಾಗಿದೆ. "ಸಾವಾದ ಮನೆಗೆ ಹೋಗಿ ಹಬ್ಬದ ಶುಭಾಶಯ ಹೇಳುವುದು ಹೇಗೆ? ವರ್ಷ ತುಂಬುವವರೆಗೆ ಸುಮ್ಮನಿದ್ದುಬಿಡಲಾ?" ಅಂತ ಕೇಳಿದ್ದೀಯ.

ಸುಮ್ಮನಿರಬೇಡ, ಹೋಗಿ ಬಾ. ವರ್ಷ ತುಂಬುವವರೆಗೆ ಹಬ್ಬವಿಲ್ಲ ಅನ್ನುವುದು ನಮ್ಮ ಮನೆಗಳ ಲೆಕ್ಕ. ಸೂತಕ, ಮಾಸಿಕ, ವರ್ಷಾಂತಿಕ ಮುಗಿಯದೆ ನಾವು ಬಾಗಿಲಿಗೆ ತೋರಣ ಕಟ್ಟುವುದಿಲ್ಲ. ಅವರಲ್ಲಿ ಆ ಲೆಕ್ಕವಿಲ್ಲ. ಸತ್ತವರಿಗಾಗಿ ಬಂಧುಗಳು ಶೋಕ ಹಿಡಿಯುವುದಕ್ಕೆ ಅವರ ಧರ್ಮ ಹೇಳುವ ಅವಧಿ ಮೂರು ದಿನ. ಗಂಡನನ್ನು ಕಳೆದುಕೊಂಡ ಹೆಂಡತಿಗೆ ಮಾತ್ರ ಬೇರೆ ಲೆಕ್ಕವಿದೆ, ಅದನ್ನು ಮುಂದೆ ಬರೆಯುತ್ತೇನೆ. ಹಾಗಾಗಿ ಆ ಮನೆಯ ಮಗ ಈದ್ ದಿನ ಸ್ನಾನ ಮಾಡಿ, ಇರುವುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು, ನಮಾಜಿಗೆ ಹೋಗಿಯೇ ಹೋಗುತ್ತಾನೆ. ಅಪ್ಪ ಹೋದ ವರ್ಷವೆಂದು ಈದ್ ನಮಾಜು ನಿಲ್ಲುವುದಿಲ್ಲ. ಮನೆಯಲ್ಲಿ ಹಬ್ಬ ಸಪ್ಪೆಯಾಗಿರಬಹುದು, ಹೊಸ ಬಟ್ಟೆ ಇಲ್ಲದಿರಬಹುದು, ನೆಂಟರು ಹಬ್ಬಕ್ಕಿಂತ ಹೆಚ್ಚಾಗಿ ಮಾತಾಡಿಸಲು ಬರಬಹುದು. ಆದರೂ ಹಬ್ಬ ಹಬ್ಬವೇ. ಆ ದಿನ ಎದುರುಮನೆಯವನು ಬಾಗಿಲು ಹಾಕಿಕೊಂಡು ಕೂತರೆ ಮರ್ಯಾದೆಗೆ ದೂರ ನಿಂತಿದ್ದಾನೆ ಅಂತ ಅವರಿಗೆ ಹೊಳೆಯುವುದಿಲ್ಲ. ಹಬ್ಬದ ದಿನವೂ ಇತ್ತ ಬರಲಿಲ್ಲ ಅಂತಲೇ ಮನಸ್ಸಿಗೆ ಬರುತ್ತದೆ.

ಮೊದಲು ದಿನ ಯಾವುದೆಂದು ಖಚಿತ ಮಾಡಿಕೋ, ಹೆಚ್ಚು ಜನ ಎಡವುವುದು ಇಲ್ಲೇ. ಗೋಡೆ ಕ್ಯಾಲೆಂಡರಿನಲ್ಲಿ ಅಚ್ಚಾಗಿರುವುದು ಅಂದಾಜಿನ ದಿನ. ಉಪವಾಸ 29 ಆಗಬಹುದು, 30 ಆಗಬಹುದು. 29ನೇ ಉಪವಾಸದ ಸಂಜೆ ಚಂದ್ರ ಕಂಡರೆ ಮರುದಿನ ಈದ್, ಕಾಣದಿದ್ದರೆ ಇನ್ನೊಂದು ಉಪವಾಸ ಹಿಡಿದು ಅದರ ಮರುದಿನ. ಅಮಾವಾಸ್ಯೆ ಕಳೆದ ಮೇಲಿನ ಆ ಮೊದಲ ಚಂದ್ರ ಉಗುರಿನಂಚಿನಷ್ಟು ತೆಳ್ಳಗೆ, ಸೂರ್ಯ ಮುಳುಗಿದ ಪಡುವಣದಲ್ಲೇ ಸ್ವಲ್ಪ ಹೊತ್ತು ಕಂಡು ತಾನೂ ಮುಳುಗುತ್ತಾನೆ. ಮೋಡವಿದ್ದರೆ ಅಷ್ಟೂ ಇಲ್ಲ. ಆದ್ದರಿಂದ ಒಂದೊಂದು ಊರಿನ ಸುದ್ದಿ ಒಂದೊಂದು ಥರ. ನಮ್ಮ ಕರಾವಳಿಯವರು ಹೆಚ್ಚಾಗಿ ಕೇರಳದಲ್ಲಿ ಚಂದ್ರ ಕಂಡದ್ದನ್ನು ಹಿಡಿಯುತ್ತಾರೆ, ಮೈಸೂರು ಬೆಂಗಳೂರಿನ ಕಡೆ ಬೇರೆ. 2024ರಲ್ಲಿ ಮಂಗಳೂರಿನಲ್ಲಿ ಏಪ್ರಿಲ್ 10ಕ್ಕೆ ಈದ್ ಆಯಿತು, ಮೈಸೂರಿನಲ್ಲಿ 11ಕ್ಕೆ. ಮಂಗಳೂರಿನ ಸಹೋದ್ಯೋಗಿಯೋ ದುಬೈಯಲ್ಲಿರುವ ಸ್ನೇಹಿತನೋ ಹಾಕಿದ ಸ್ಟೇಟಸ್ ನೋಡಿ ನೀನು ಎದುರುಮನೆಗೆ "ಈದ್ ಮುಬಾರಕ್" ಅಂದರೆ, ಅವರು ಇನ್ನೂ ಒಂದು ಉಪವಾಸ ಹಿಡಿದು ಒಣಗಿದ ಬಾಯಲ್ಲಿ ನಿಂತಿರುತ್ತಾರೆ. ಬೈಯುವುದಿಲ್ಲ, ನಕ್ಕು "ನಾಳೆ ಸಾರ್" ಅನ್ನುತ್ತಾರೆ. ಆದರೆ ನೀನು ಅವರನ್ನು ನೋಡಿ ಹೇಳಲಿಲ್ಲ, ಫೋನ್ ನೋಡಿ ಹೇಳಿದೆ ಅನ್ನುವುದು ಗೊತ್ತಾಗಿಬಿಡುತ್ತದೆ.

ಖಚಿತವಾಗಿ ತಿಳಿಯುವ ದಾರಿ ನಿನ್ನ ಬೀದಿಯಲ್ಲೇ ಇದೆ. ರಂಜಾನ್ ತಿಂಗಳಿಡೀ ರಾತ್ರಿ ಇಶಾ ನಮಾಜಿನ ಜೊತೆ ತರಾವೀಹ್ ಅನ್ನುವ ಉದ್ದನೆಯ ನಮಾಜು ನಡೆಯುತ್ತದೆ. ಚಂದ್ರ ಕಂಡ ರಾತ್ರಿ ಅದು ಇರುವುದಿಲ್ಲ, ಯಾಕೆಂದರೆ ಅವರ ದಿನ ಶುರುವಾಗುವುದು ಸೂರ್ಯಾಸ್ತಕ್ಕೆ. ಚಂದ್ರ ಕಂಡ ಕ್ಷಣಕ್ಕೆ ರಂಜಾನ್ ತಿಂಗಳು ಮುಗಿದು ಶವ್ವಾಲ್ ತಿಂಗಳು ಹುಟ್ಟಿತು. 29ನೇ ಉಪವಾಸದ ರಾತ್ರಿ ಎದುರುಮನೆಯ ಹುಡುಗ ಎಂದಿನಂತೆ ಟೋಪಿ ಹಾಕಿಕೊಂಡು ತರಾವೀಹ್‌ಗೆ ಹೊರಟರೆ ನಾಳೆ ಹಬ್ಬವಿಲ್ಲ. ಮಸೀದಿಯ ಮೈಕಿನಲ್ಲಿ ಚಂದ್ರ ಕಂಡ ಸುದ್ದಿ ಬಂದು, ಬೀದಿಯಲ್ಲಿ ಓಡಾಟ ಹೆಚ್ಚಿ, ಹೆಣ್ಣುಮಕ್ಕಳು ಕೈಗೆ ಮೆಹಂದಿ ಹಚ್ಚಿಸಿಕೊಳ್ಳಲು ಕೂತರೆ ನಾಳೆ ಈದ್. ಆ ರಾತ್ರಿಗೆ ಚಾಂದ್ ರಾತ್ ಅಂತ ಹೆಸರು. ಅವತ್ತು ಸಂಜೆ ಗೇಟಿನ ಹತ್ತಿರ ಸಿಕ್ಕರೆ ಹೇಳುವ ಮಾತು "ಚಾಂದ್ ಮುಬಾರಕ್". ಬೇರೆ ಧರ್ಮದ ನೆರೆಯವನ ಬಾಯಲ್ಲಿ ಈ ಎರಡು ಪದ ಬಂದರೆ ಅವರಿಗೆ ಆಗುವ ಸಂತೋಷವೇ ಬೇರೆ. ಹಬ್ಬದ ಹೆಸರಷ್ಟೇ ಅಲ್ಲ, ಹಬ್ಬ ಬಂದು ನಿಂತ ಗಳಿಗೆಯೂ ನಿನಗೆ ಗೊತ್ತು ಅಂತಾಗುತ್ತದೆ.

ಇನ್ನು ಹೊತ್ತು. ಹಬ್ಬದ ಬೆಳಿಗ್ಗೆ ಆರೂವರೆಗೆಲ್ಲ ಹೋಗಿ ಬೆಲ್ ಒತ್ತಬೇಡ. ಅದು ಆ ಮನೆಯಲ್ಲಿ ಎಲ್ಲಕ್ಕಿಂತ ಗಡಿಬಿಡಿಯ ಸಮಯ. ಸ್ನಾನ, ಬಟ್ಟೆ, ಅತ್ತರು, ಮಕ್ಕಳ ತಯಾರಿ ಎಲ್ಲ ಆಗಲೇ. ಮನೆಯ ಒಬ್ಬೊಬ್ಬರ ಲೆಕ್ಕದಲ್ಲಿ ಬಡವರಿಗೆ ಕೊಡುವ ಫಿತ್ರಾ ಅನ್ನುವ ದಾನ ಉಂಟು, ಧಾನ್ಯ ಅಥವಾ ಅದರ ಬೆಲೆ. ಅದು ನಮಾಜಿಗೆ ಮುಂಚೆಯೇ ತಲುಪಬೇಕು, ಆ ಓಡಾಟವೂ ಇರುತ್ತದೆ. ಹೊರಡುವ ಮುನ್ನ ಒಂದೋ ಮೂರೋ, ಬೆಸ ಸಂಖ್ಯೆಯಲ್ಲಿ, ಖರ್ಜೂರ ತಿಂದು ಗಂಡಸರು ಈದ್ಗಾಕ್ಕೆ ಹೋಗುತ್ತಾರೆ. ಮೈಸೂರಿನಲ್ಲಿ ದೊಡ್ಡ ನಮಾಜು ತಿಲಕ್ ನಗರದ ಈದ್ಗಾದಲ್ಲಿ ಆಗುತ್ತದೆ. ಸೂರ್ಯ ಸ್ವಲ್ಪ ಮೇಲೇರಿದ ಮೇಲೆ ಎರಡು ರಕಾತ್, ಅಂದರೆ ಎರಡು ಸುತ್ತಿನ ನಮಾಜು, ಅದಾದ ಮೇಲೆ ಖುತ್ಬಾ ಅನ್ನುವ ಪ್ರವಚನ, ಆಮೇಲೆ ಅಪ್ಪುಗೆ. ಹೋದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಬರುವ ರೂಢಿಯೂ ಇದೆ, ಆದ್ದರಿಂದ ಬೀದಿ ಮೂಲೆಯಲ್ಲಿ ಕಾದು ನಿಂತರೆ ಸಿಗುತ್ತಾರೆಂದು ಹೇಳಲಾಗದು. ಅಲ್ಲಿಂದ ಎಷ್ಟೋ ಜನ ನೇರ ಖಬ್ರಸ್ತಾನಕ್ಕೆ ಹೋಗಿ ತೀರಿಕೊಂಡವರ ಸಮಾಧಿಯ ಮುಂದೆ ನಿಂತು ಪ್ರಾರ್ಥಿಸಿ ಮನೆಗೆ ಬರುತ್ತಾರೆ. ನಿನ್ನ ಎದುರುಮನೆಯ ಮಗ ಈ ಸಲ ಖಂಡಿತ ಹೋಗುತ್ತಾನೆ, ಅಪ್ಪನ ಮಣ್ಣು ಇನ್ನೂ ಹೊಸದು. ಬಂದಾಗ ಅವನ ಮುಖ ಹಬ್ಬದ ಮುಖವಾಗಿರುವುದಿಲ್ಲ. ಅದಕ್ಕೇ ಅವನು ಬಂದು ಅರ್ಧ ಗಂಟೆಯಾದರೂ ಕಳೆಯಲಿ. ಹನ್ನೊಂದರ ಸುಮಾರಿಗೆ ಹೋದರೆ ಸರಿ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಎದ್ದುಬಿಡು. ಹದಿನೈದಿಪ್ಪತ್ತು ನಿಮಿಷ ಕೂತರೆ ಸಾಕು. ಊಟದ ವೇಳೆಗೆ ಹೋದರೆ ಅವರು ಎಲೆ ಹಾಕದೆ ಬಿಡುವುದಿಲ್ಲ, ದುಃಖದ ಮನೆಯ ಹೆಂಗಸರ ಮೇಲೆ ಇನ್ನೊಂದು ಕೆಲಸ ಬೀಳುತ್ತದೆ.

ಈಗ ಮಾತು. ಹಬ್ಬದ ದಿನ ಹೇಳಬೇಕಾದದ್ದು "ಈದ್ ಮುಬಾರಕ್". ಈದ್ ಅಂದರೆ ಹಬ್ಬ, ಮುಬಾರಕ್ ಅಂದರೆ ಬರಕತ್ತು ಇರುವಂಥದ್ದು, ದೇವರ ಕೃಪೆ ಇರುವಂಥದ್ದು. ನಿಮ್ಮ ಹಬ್ಬಕ್ಕೆ ದೇವರ ಕೃಪೆಯಿರಲಿ ಅಂದಂತಾಯಿತು. ಯಾರು ಯಾರಿಗೆ ಬೇಕಾದರೂ ಹೇಳಬಹುದು, ಹೇಳಲು ಆ ಧರ್ಮದವರೇ ಆಗಬೇಕಿಲ್ಲ. "ಖೈರ್ ಮುಬಾರಕ್" ಅಂತಲೋ "ಆಪ್‌ಕು ಭೀ ಮುಬಾರಕ್" ಅಂತಲೋ ಉತ್ತರ ಬರುತ್ತದೆ. "ರಂಜಾನ್ ಹಬ್ಬದ ಶುಭಾಶಯ" ಅನ್ನುವುದು ಕನ್ನಡದಲ್ಲಿ ಬೇರೂರಿದ ಮಾತು, ತಪ್ಪೇನಲ್ಲ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ರಂಜಾನ್ ಉಪವಾಸದ ತಿಂಗಳ ಹೆಸರು, ಹಬ್ಬ ಆ ತಿಂಗಳು ಮುಗಿದ ಮೇಲಿನದು. "ರಂಜಾನ್ ಮುಬಾರಕ್" ತಿಂಗಳ ಶುರುವಿಗೆ ಹೇಳಿದರೆ ಚೆಂದ.

ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ "ತಖಬ್ಬಲಲ್ಲಾಹು ಮಿನ್ನಾ ವ ಮಿನ್ಕುಮ್" ಅನ್ನುವ ಅರಬ್ಬೀ ವಾಕ್ಯವೂ ಸಿಗುತ್ತದೆ. ಅದನ್ನು ಕಂಠಪಾಠ ಮಾಡಿಕೊಂಡು ಹೋಗಬೇಡ. "ನಮ್ಮಿಂದಲೂ ನಿಮ್ಮಿಂದಲೂ ಅಲ್ಲಾಹನು ಸ್ವೀಕರಿಸಲಿ" ಅಂತ ಅದರ ಅರ್ಥ. ಏನನ್ನು ಸ್ವೀಕರಿಸಲಿ? ಒಂದು ತಿಂಗಳ ಉಪವಾಸ, ನಮಾಜು, ದಾನಗಳನ್ನು. ಉಪವಾಸ ಹಿಡಿದವರು ಹಿಡಿದವರಿಗೆ ಹೇಳುವ ಮಾತದು. ನೀನು ಹಿಡಿಯದೆ "ನಮ್ಮಿಂದಲೂ" ಅಂದರೆ ಮಾತು ಟೊಳ್ಳಾಗುತ್ತದೆ. ಅದರ ಅರ್ಧ ಮಾತ್ರ ನಿನ್ನದು, ಆ ಅರ್ಧವನ್ನು ಕನ್ನಡದಲ್ಲೇ ಹೇಳು: "ಒಂದು ತಿಂಗಳು ಉಪವಾಸ ಮಾಡಿದ್ದೀರಿ, ನಿಮ್ಮ ಪ್ರಾರ್ಥನೆ ದೇವರಿಗೆ ಮುಟ್ಟಲಿ." ಇದನ್ನು ನೀನು ಮನಸ್ಸಿಟ್ಟು ಹೇಳಬಲ್ಲೆ. ನೀನು ಕಣ್ಣಾರೆ ಕಂಡದ್ದೂ ಹೌದು, ನಸುಕಿಗೆ ಮುಂಚೆ ಆ ಮನೆಯ ಅಡುಗೆಮನೆ ದೀಪ ಹತ್ತಿದ್ದನ್ನು, ಸುಮಾರು 13 ಗಂಟೆ ನೀರೂ ಮುಟ್ಟದೆ ಆ ಹುಡುಗ ಕೆಲಸಕ್ಕೆ ಹೋಗಿ ಬಂದದ್ದನ್ನು.

"ಅಸ್ಸಲಾಮು ಅಲೈಕುಂ" ಅನ್ನಬಹುದಾ ಅಂತಲೂ ಕೇಳಿದ್ದೀಯ. ನಿಮ್ಮ ಮೇಲೆ ಶಾಂತಿಯಿರಲಿ ಅಂತ ಅದರ ಅರ್ಥ, ಅಂದರೆ ತಪ್ಪಿಲ್ಲ. ಆದರೆ ಇಷ್ಟು ದಿನ "ನಮಸ್ಕಾರ" ಅನ್ನುತ್ತಿದ್ದವನು ಹಬ್ಬದ ದಿನ ಮಾತ್ರ ಭಾಷೆ ಬದಲಾಯಿಸಿದರೆ ವೇಷ ಹಾಕಿದಂತೆ ಕಾಣುತ್ತದೆ. ಎಂದಿನ ನಮಸ್ಕಾರ, ಅದಾದ ಮೇಲೆ ಈದ್ ಮುಬಾರಕ್, ಅಷ್ಟು ಸಾಕು. ಕರೆಯುವುದೂ ಹಾಗೆಯೇ. ನಮ್ಮ ಕಡೆ "ಸಾಬ್ರೇ" ಅಂತ ಕರೆಯುವ ರೂಢಿ ಇದೆ, ಹಳ್ಳಿಯಲ್ಲಿ ಪ್ರೀತಿಯಿಂದಲೇ ಕರೆಯುತ್ತಾರೆ. ಆದರೆ ಅದು ಮನುಷ್ಯನ ಹೆಸರು ಬಿಟ್ಟು ಜಾತಿ ಹಿಡಿದು ಕರೆದಂತೆ; ಹೊಸ ಪರಿಚಯದ ಮನೆಯಲ್ಲಿ ಬೇಡ. ಮಗನನ್ನು ನೀನು ಹೆಸರು ಹಿಡಿದು ಕರೆಯುತ್ತಿದ್ದರೆ ಹೆಸರೇ ಇರಲಿ, ಇಲ್ಲವೇ ಭಾಯ್ ಅನ್ನು. ಅವರ ತಾಯಿಗೆ "ಅಮ್ಮಾ" ಅಂದರೆ ಎಲ್ಲ ಮನೆಗಳಲ್ಲೂ ನಡೆಯುತ್ತದೆ.

ನೀನು ಒಳಗೆ ಹೋದಾಗ ಮಗ ಎದ್ದು ತೋಳು ಚಾಚಬಹುದು. ಅದು ಈದಿನ ಅಪ್ಪುಗೆ, ಮೈಸೂರಿನ ಕಡೆ ಬಹಳ ಮನೆಗಳಲ್ಲಿ ಮೂರು ಸಲ, ಭುಜ ಬದಲಾಯಿಸುತ್ತಾ. ಯಾವ ಕಡೆಯಿಂದ ಶುರು ಅಂತ ತಲೆ ಕೆಡಿಸಿಕೊಳ್ಳಬೇಡ, ಅವನು ವಾಲಿದ ಕಡೆ ನೀನೂ ವಾಲು, ಒಂದು ಸಲಕ್ಕೇ ಬಿಡಿಸಿಕೊಳ್ಳಬೇಡ. ಇದು ಗಂಡಸರು ಗಂಡಸರಿಗೆ, ಹೆಂಗಸರು ಹೆಂಗಸರಿಗೆ. ಮನೆಯ ಹೆಣ್ಣುಮಕ್ಕಳಿಗೆ ಕೈ ಚಾಚದೆ, ಇದ್ದಲ್ಲಿಂದಲೇ ಕೈ ಮುಗಿದರೆ ಸರಿ.

ಅಪ್ಪುಗೆ ಬಿಟ್ಟ ಮೇಲಿನ ಎರಡನೇ ಮಾತೇ ನಿನ್ನ ಪ್ರಶ್ನೆಯ ತಿರುಳು. ಬೇರೆ ಮನೆಯಾಗಿದ್ದರೆ "ಹಬ್ಬ ಜೋರಾ?" ಅನ್ನಬಹುದಿತ್ತು, ಇಲ್ಲಿ ಬೇಡ. "ಹ್ಯಾಪಿ" ಅನ್ನುವ ಪದವೂ ಬೇಡ. ಹಾಗಂತ ಸತ್ತವರ ಸುದ್ದಿಯನ್ನೇ ಎತ್ತದೆ ಹವೆ, ಕ್ರಿಕೆಟ್ಟು ಅಂತ ಜಾರಿಕೊಳ್ಳಲೂ ಬೇಡ. ಆ ಮನೆಯಲ್ಲಿ ಬೆಳಗಿನಿಂದ ಎಲ್ಲರ ಮನಸ್ಸಿನಲ್ಲಿರುವುದು ಅದೊಂದೇ. ಧ್ವನಿ ತಗ್ಗಿಸಿ ಈದ್ ಮುಬಾರಕ್ ಹೇಳಿ, ಕೂತ ಮೇಲೆ ಹೀಗೆ ಹೇಳು: "ಅಪ್ಪಾಜಿ ಇಲ್ಲದ ಮೊದಲ ಈದ್. ಬೆಳಿಗ್ಗೆಯಿಂದ ಅವರು ನೆನಪಾಗುತ್ತಲೇ ಇದ್ದಾರೆ. ದೇವರು ಅವರಿಗೆ ಸ್ವರ್ಗದಲ್ಲಿ ಒಳ್ಳೆಯ ಜಾಗ ಕೊಡಲಿ." ಸತ್ತವರಿಗಾಗಿ ಅವರು ಬೇಡಿಕೊಳ್ಳುವುದೂ ಅದನ್ನೇ, ತಪ್ಪುಗಳಿಗೆ ಕ್ಷಮೆ ಸಿಗಲಿ, ಜನ್ನತ್ ಸಿಗಲಿ ಅಂತ, ಹಾಗಾಗಿ ಈ ಮಾತು ಅವರ ಪ್ರಾರ್ಥನೆಗೆ ಹೊಂದುತ್ತದೆ. ಮುಂದಿನ ಜನ್ಮ, ಮತ್ತೆ ಹುಟ್ಟಿ ಬರಲಿ, ಮೊಮ್ಮಗನ ರೂಪದಲ್ಲಿ ಬಂದಾರು ಅನ್ನುವಂಥ ಮಾತು ನಮ್ಮ ಬಾಯಿಗೆ ಸಲೀಸಾಗಿ ಬರುತ್ತವೆ, ಅವು ಅಲ್ಲಿ ಹೊಂದುವುದಿಲ್ಲ. ಅವರ ನಂಬಿಕೆಯಲ್ಲಿ ಮರುಜನ್ಮವಿಲ್ಲ. ಆಮೇಲೆ ಅವರ ಒಂದು ನೆನಪು ನಿನ್ನ ಹತ್ತಿರ ಇದ್ದರೆ ಹೇಳು, ಚಿಕ್ಕದು, ನಿಜವಾದದ್ದು. ನೀನೇ ಬರೆದಿದ್ದೀಯಲ್ಲ, ನಿಮ್ಮ ಮನೆ ಸಾಮಾನಿನ ಲಾರಿ ಬಂದ ದಿನ ಅವರೇ ಕುರ್ಚಿ ತಂದು ನಿನ್ನ ಅಮ್ಮನನ್ನು ನೆರಳಿನಲ್ಲಿ ಕೂರಿಸಿದರು ಅಂತ. ಅದನ್ನು ಹೇಳು. ಮಗ ಅದನ್ನು ಕೇಳಿರಲಿಕ್ಕಿಲ್ಲ.

ಇನ್ನು ಆ ತಾಯಿಯ ವಿಷಯ. ಗಂಡ ತೀರಿಕೊಂಡ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಅನ್ನುವ ಶೋಕದ ಅವಧಿ ಪಾಲಿಸುತ್ತಾರೆ. ಲೆಕ್ಕ ಚಾಂದ್ರಮಾನದ ತಿಂಗಳಿನದು, ನಮ್ಮ ದಿನಗಳಲ್ಲಿ ಹೆಚ್ಚು ಕಡಿಮೆ 128. ಈಗ ಮೂರು ತಿಂಗಳಾಗಿದೆ ಅಂದರೆ ಈದ್ ದಿನ ಅವರು ಇನ್ನೂ ಇದ್ದತ್‌ನಲ್ಲಿರುತ್ತಾರೆ. ಆ ಅವಧಿಯಲ್ಲಿ ಅಲಂಕಾರವಿಲ್ಲ, ಮೆಹಂದಿ ಇಲ್ಲ, ಸುಗಂಧವಿಲ್ಲ, ಅಗತ್ಯವಿಲ್ಲದೆ ಮನೆ ಬಿಟ್ಟು ಹೊರಡುವುದಿಲ್ಲ, ಮನೆಯವರಲ್ಲದ ಗಂಡಸರ ಎದುರು ಬರುವುದೂ ಕಡಿಮೆ. ಆದ್ದರಿಂದ ನೀನು "ಅಮ್ಮ ಎಲ್ಲಿ? ಕರೀರಿ, ಮಾತಾಡಿಸ್ತೀನಿ" ಅನ್ನಬೇಡ. ಮಗನ ಹತ್ತಿರ "ಅಮ್ಮನಿಗೆ ನಮಸ್ಕಾರ ತಿಳಿಸಿ" ಅಂದರೆ ಸಾಕು. ನಿನ್ನ ಹೆಂಡತಿ, ಅಮ್ಮ ಇಬ್ಬರೂ ಒಳಗೆ ಹೋಗಿ ಅವರ ಹತ್ತಿರ ಕೂರಲಿ. ಮೈಸೂರು ಮಲ್ಲಿಗೆ ಒಂದು ಮೊಳ ಒಯ್ಯುವುದು ನಮ್ಮ ಹೆಣ್ಣುಮಕ್ಕಳ ಅಭ್ಯಾಸ. ಸೊಸೆಗೆ ಕೊಡಲಿ, ಆ ತಾಯಿಗೆ ಹೂವು, ಬಳೆ, ಮೆಹಂದಿ ಯಾವುದೂ ಬೇಡ. ಅವರಿಗೆ ಮೊದಲ ಮಾತಾಗಿ ಈದ್ ಮುಬಾರಕ್ ಹೇಳುವ ಅಗತ್ಯವೂ ಇಲ್ಲ. "ಹೇಗಿದ್ದೀರಮ್ಮಾ?" ಅಂತ ಕೈ ಹಿಡಿದು ಕೂರಲಿ. ಅವರೇ ಈದ್ ಮುಬಾರಕ್ ಅಂದರೆ ತಿರುಗಿ ಹೇಳಲಿ. ಅತ್ತರೆ ಅಳಲು ಬಿಡಲಿ, "ಹಬ್ಬದ ದಿನ ಅಳಬಾರದು" ಅನ್ನುವ ನಮ್ಮ ಅಜ್ಜಿಯರ ಮಾತು ಬಾಯಿಗೆ ಬಾರದಿರಲಿ. ಈ ಅವಧಿಯನ್ನು ಎಷ್ಟು ಬಿಗಿಯಾಗಿ ಪಾಲಿಸುತ್ತಾರೆ ಅನ್ನುವುದು ಮನೆಯಿಂದ ಮನೆಗೆ ಬೇರೆ. ಅವರೇ ಹೊರಗೆ ಬಂದು ನಿನ್ನನ್ನು ಮಾತಾಡಿಸಿದರೆ ಸಹಜವಾಗಿ ಮಾತಾಡು.

ಹೆಂಗಸರ ಮಾತಿನಲ್ಲಿ ಜಾರುವ ಇನ್ನೊಂದು ಪ್ರಶ್ನೆ "ನೀವು ಎಲ್ಲಾ ಉಪವಾಸ ಮಾಡಿದ್ರಾ?" ಅನ್ನುವುದು. ಕಾಳಜಿಯಿಂದ ಕೇಳಿದ್ದೇ ಇರಬಹುದು. ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳು ಉಪವಾಸ ಹಿಡಿಯುವುದಿಲ್ಲ, ಬಿಟ್ಟುಹೋದವನ್ನು ಆಮೇಲೆ ಹಿಡಿದು ತೀರಿಸುತ್ತಾರೆ. ಕಾಯಿಲೆಯವರಿಗೂ ವಿನಾಯಿತಿ ಇದೆ. ನಾಲ್ಕು ಜನ ಕೂತಲ್ಲಿ ಆ ಪ್ರಶ್ನೆ ಬಂದರೆ ಸೊಸೆ ಏನು ಉತ್ತರ ಕೊಡಬೇಕು? ಮಕ್ಕಳನ್ನು ಬೇಕಾದರೆ ಕೇಳಿ. ಆ ಮನೆಯ ಹುಡುಗಿ ಈ ವರ್ಷ ಮೊದಲ ಸಲ ರೋಜಾ ಹಿಡಿದಿದ್ದರೆ ಅದು ಮನೆಯವರೆಲ್ಲ ಹೆಮ್ಮೆಪಡುವ ವಿಷಯ. ಅವಳನ್ನು ಹತ್ತಿರ ಕರೆದು ಶಭಾಷ್ ಅನ್ನು. ಹಿರಿಯರು ಹಬ್ಬದ ದಿನ ಮಕ್ಕಳ ಕೈಗೆ ದುಡ್ಡು ಕೊಡುವುದಕ್ಕೆ ಈದಿ ಅನ್ನುತ್ತಾರೆ, ನೀನೂ ಕೊಡಬಹುದು. ಐವತ್ತೋ ನೂರೋ, ಅಪ್ಪ ಅಮ್ಮನ ಎದುರಿಗೇ ಕೊಡು. ಅಜ್ಜ ಕೊಡುತ್ತಿದ್ದ ಈದಿ ಈ ವರ್ಷ ಆ ಮಕ್ಕಳಿಗೆ ಇಲ್ಲ.

ಕೈಯಲ್ಲಿ ಏನು ಹಿಡಿದು ಹೋಗುವುದು? ದೇವರಾಜ ಮಾರುಕಟ್ಟೆಯಲ್ಲಿ ಒಂದೆರಡು ಕಿಲೋ ಹಣ್ಣು, ಅರ್ಧ ಕಿಲೋ ಒಳ್ಳೆಯ ಖರ್ಜೂರ ತಗೋ. ಸಿಹಿ ಬೇಕೆಂದರೆ ಮೈಸೂರು ಪಾಕು ಇದ್ದೇ ಇದೆ. ನಿನ್ನ ಅಮ್ಮ ಒಬ್ಬಟ್ಟು ಮಾಡಿ ಕಳಿಸುತ್ತೇನೆ ಅಂದರೆ ಬಹಳ ಒಳ್ಳೆಯದು, ಒಂದೇ ಎಚ್ಚರ: ನೈವೇದ್ಯಕ್ಕೆ ಇಟ್ಟದ್ದರಲ್ಲಿ ಕೊಡಬೇಡಿ. ಬೇರೆ ದೇವರಿಗೆ ಅರ್ಪಿಸಿದ್ದನ್ನು ತಿನ್ನುವುದು ಅವರಲ್ಲಿ ಬಹಳ ಜನರಿಗೆ ನಿಷಿದ್ಧ. ಬೇಡ ಅನ್ನಲಾಗದೆ ತೆಗೆದುಕೊಂಡು, ತಿನ್ನಲಾಗದೆ ಇಟ್ಟುಕೊಂಡು ಕಷ್ಟಪಡುತ್ತಾರೆ. ಒಲೆಯಿಂದ ಇಳಿಸಿದ್ದನ್ನು ನೇರ ಡಬ್ಬಿಗೆ ತೆಗೆದಿಟ್ಟರೆ ಆಯಿತು, ಕೊಡುವಾಗ "ಇದು ಪ್ರಸಾದ ಅಲ್ಲ, ನಿಮಗೇ ಅಂತ ಮಾಡಿದ್ದು" ಅಂತ ಒಂದು ಮಾತು ಹೇಳಿದರೆ ಅವರ ಮನಸ್ಸೂ ಹಗುರ.

ಅವರ ಕಡೆಯಿಂದ ಮೊದಲು ಬರುವುದು ಶೀರ್ ಖುರ್ಮಾ. ಫಾರಸಿಯಲ್ಲಿ ಶೀರ್ ಅಂದರೆ ಹಾಲು, ಖುರ್ಮಾ ಅಂದರೆ ಖರ್ಜೂರ. ತುಪ್ಪದಲ್ಲಿ ಹುರಿದ ಶಾವಿಗೆ, ಹಾಲು, ಖರ್ಜೂರ, ಬಾದಾಮಿ, ಪಿಸ್ತಾ, ಅಷ್ಟೇ. ಮಾಂಸದ ಸೋಂಕಿಲ್ಲ, ನಿನ್ನ ಹೆಂಡತಿಯೂ ತಿನ್ನಬಹುದು. ಬಟ್ಟಲು ಕೈಗೆ ಕೊಟ್ಟಾಗ "ಈಗ ತಾನೇ ತಿಂಡಿ ಆಯ್ತು" ಅನ್ನಬೇಡ. ಸಕ್ಕರೆ ಕಾಯಿಲೆ ಇದ್ದರೆ ಅದನ್ನೇ ಹೇಳಿ ಎರಡು ಚಮಚ ತಿನ್ನು. ಊಟದ ವಿಷಯ ಮಾತ್ರ ಹಬ್ಬಕ್ಕೆ ಎರಡು ದಿನ ಮುಂಚೆಯೇ ಮಗನಿಗೆ ಹೇಳಿಬಿಡು, ನಮ್ಮ ಮನೆಯಲ್ಲಿ ಹೆಂಗಸರು ಮಾಂಸ ತಿನ್ನುವುದಿಲ್ಲ ಅಂತ. ಮುಂಚೆ ಹೇಳಿದರೆ ಅದು ಬರೀ ಮಾಹಿತಿ, ಬಿರಿಯಾನಿ ಪಾತ್ರೆ ಬಾಗಿಲಿಗೆ ಬಂದ ಮೇಲೆ ಹೇಳಿದರೆ ತಿರಸ್ಕಾರ.

ಬಿರಿಯಾನಿ ಅಂದದ್ದಕ್ಕೆ ಇನ್ನೊಂದು ಮಾತು. ಈದ್ ದಿನ ಮುಸ್ಲಿಂ ಸ್ನೇಹಿತರು ಹೆಚ್ಚು ಕೇಳಿಸಿಕೊಳ್ಳುವ ಮಾತು "ಬಿರಿಯಾನಿ ಎಲ್ಲಿ?" ಅನ್ನುವುದು. ಇಪ್ಪತ್ತು ವರ್ಷದ ಗೆಳೆತನದಲ್ಲಿ ಅದಕ್ಕೆ ಸಲಿಗೆ ಇರುತ್ತದೆ. ಹೊಸ ನೆರೆಮನೆಯವನು ಅಂದರೆ, ಹಾರೈಸಲು ಬಂದವನು ವಸೂಲಿಗೆ ನಿಂತಂತಾಗುತ್ತದೆ. ಒಂದು ತಿಂಗಳು ಹಸಿವು ತಡೆದದ್ದು, ಬಡವರ ಪಾಲು ಎತ್ತಿಟ್ಟದ್ದು ಎಲ್ಲ ಹೋಗಿ ಹಬ್ಬ ಒಂದು ಪಾತ್ರೆಗೆ ಇಳಿಯುತ್ತದೆ. ಸಾವಾದ ಮನೆಯಲ್ಲಂತೂ ಆ ಮಾತು ಮುಳ್ಳು. ಅದರ ಜೊತೆಗೇ ಬಿಡಬೇಕಾದದ್ದು "ನೀವು ಬೇರೆಯವರ ಥರ ಅಲ್ಲ ಬಿಡಿ" ಅನ್ನುವ ಹೊಗಳಿಕೆ. ಹೊಗಳಿದ್ದು ಒಬ್ಬರನ್ನು, ಬೈದದ್ದು ಅವರ ಅಣ್ಣತಮ್ಮಂದಿರನ್ನೆಲ್ಲ.

ಆ ದಿನ ನೀನು ಊರಲ್ಲಿ ಇರಲಾಗದಿದ್ದರೆ ಫೋನ್ ಮಾಡು. ಅದೂ ಆಗದಿದ್ದರೆ ಸಂದೇಶ ಕಳಿಸು, ಆದರೆ ಚಂದ್ರ, ನಕ್ಷತ್ರ, ಮಸೀದಿಯ ಬಣ್ಣದ ಚಿತ್ರ ಫಾರ್ವರ್ಡ್ ಮಾಡಬೇಡ. ಅದರ ಮೇಲಿನ ಅರಬ್ಬೀ ಬರಹ ಏನೆಂದು ನಿನಗೆ ಗೊತ್ತಿರುವುದಿಲ್ಲ, "ಹ್ಯಾಪಿ" ಅಂತ ಹೊಳೆಯುವ ಅಕ್ಷರ ಈ ಮನೆಗೆ ಹೊಂದುವುದೂ ಇಲ್ಲ. ನೀನೇ ನಾಲ್ಕು ಸಾಲು ಬರೆ: "ಈದ್ ಮುಬಾರಕ್. ನಿಮ್ಮ ತಿಂಗಳ ಉಪವಾಸ, ಪ್ರಾರ್ಥನೆ ದೇವರಿಗೆ ಮುಟ್ಟಲಿ. ಅಪ್ಪಾಜಿಯವರನ್ನು ನೆನೆಯುತ್ತಿದ್ದೇವೆ. ಊರಿಗೆ ಬಂದ ಕೂಡಲೇ ಮನೆಗೆ ಬರುತ್ತೇನೆ, ಅಮ್ಮನಿಗೆ ನಮಸ್ಕಾರ." ಬಂದ ಮೇಲೆ ಹೋಗು. ಹಬ್ಬ ಕಳೆದು ಎರಡು ಮೂರು ದಿನವಾದರೂ ಈದ್ ಮುಬಾರಕ್ ಹಳಸುವುದಿಲ್ಲ.

ಮುಂದಿನ ಹಬ್ಬಗಳಿಗೆ ಇಷ್ಟು ನೆನಪಿಟ್ಟುಕೋ. ಬಕ್ರೀದ್ ದಿನಕ್ಕೂ ಇದೇ ಈದ್ ಮುಬಾರಕ್. ಅದು ಝುಲ್‌ಹಿಜ್ಜಾ ತಿಂಗಳ 10ಕ್ಕೆ ಬರುವುದರಿಂದ ಚಂದ್ರ ಕಂಡ ಮೇಲೆ ಹತ್ತು ದಿನ ಮುಂಚೆಯೇ ಗೊತ್ತಾಗುತ್ತದೆ. ಅಷ್ಟರಲ್ಲಿ ಆ ತಾಯಿಯ ಇದ್ದತ್ ಮುಗಿದಿರುತ್ತದೆ. ಆದರೆ ಮೊಹರಂ ಬಂದಾಗ ಯಾವ ಶುಭಾಶಯವನ್ನೂ ಹೇಳಬೇಡ. ಪೈಗಂಬರರ ಮೊಮ್ಮಗ ಇಮಾಮ್ ಹುಸೇನ್ ಕರ್ಬಲಾದಲ್ಲಿ 680ರಲ್ಲಿ ಪ್ರಾಣ ಕೊಟ್ಟ ದಿನ ಅದು. ಶಿಯಾಗಳಿಗೆ ಕಡು ಶೋಕದ ದಿನ, ಸುನ್ನಿಗಳಲ್ಲಿ ಬಹಳ ಜನ ಉಪವಾಸವಿರುತ್ತಾರೆ. ನಮ್ಮ ಹಳ್ಳಿಗಳ ಕಡೆ ಬಾಬಯ್ಯನ ಹಬ್ಬ ಅಂತ ಊರೆಲ್ಲ ಸೇರಿ ಮಾಡುವುದನ್ನು ನೋಡಿ ಬೆಳೆದ ನಿನಗೆ "ಹಬ್ಬ" ಅನ್ನುವ ಪದ ಸಹಜವಾಗಿ ಬರುತ್ತದೆ. ಮೈಸೂರಿನ ಬೀದಿಯಲ್ಲಿ ಅವತ್ತು "ಇವತ್ತು ಹುಸೇನರ ದಿನ ಅಲ್ವಾ" ಅಂದರೆ ಸಾಕು.

ಇನ್ನೊಂದು ಕೆಲಸ ಉಳಿಯಿತು. ಶೀರ್ ಖುರ್ಮಾ ಮನೆಗೂ ಕಳಿಸಿಯೇ ಕಳಿಸುತ್ತಾರೆ, ಪಾತ್ರೆ ನಿಮ್ಮಲ್ಲಿ ಉಳಿಯುತ್ತದೆ. ಖಾಲಿ ಪಾತ್ರೆ ಹಿಂತಿರುಗಿಸದ ನಮ್ಮ ಅಮ್ಮಂದಿರ ಪದ್ಧತಿ ಇಲ್ಲೂ ನಡೆಯಲಿ. ಎರಡು ಮೂರು ದಿನ ಬಿಟ್ಟು, ನೆಂಟರೆಲ್ಲ ಹೋಗಿ ಮನೆ ಬರಿದಾದ ಹೊತ್ತಿಗೆ, ಸಕ್ಕರೆಯೋ ನಾಲ್ಕು ಮಾವಿನಹಣ್ಣೋ ಹಾಕಿ ನಿನ್ನ ಅಮ್ಮನ ಕೈಯಲ್ಲಿ ಕಳಿಸು. ಆ ತಾಯಿಯ ಹತ್ತಿರ ಕೂತು ಮಾತಾಡಲು ಅವತ್ತು ಇಬ್ಬರಿಗೂ ಬಿಡುವಿರುತ್ತದೆ.

ಚಂದ್ರ ಕಂಡ ರಾತ್ರಿ ಒಂದು ಫೋನ್ ಮಾಡು.

ನಿನ್ನ ಗೆಳೆಯ